ಹಾಜರಿ ಪಟ್ಟಿಯಲ್ಲ, ಅಳತೆ ಪುಸ್ತಕ: ಓದಿನ ಜೊತೆಗಾರರ ಆಯ್ಕೆ ಮತ್ತು ದಿನದ ಸಂದೇಶ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಇಂದು ಅವುಗಳನ್ನು ನಾವು ಅರಿವು ಕೇಂದ್ರಗಳೆಂದು ಕರೆಯುತ್ತೇವೆ. ತಮ್ಮ ಊರಿನ ಅರಿವು ಕೇಂದ್ರಕ್ಕೆ ಸಂಜೆಯ ಹೊತ್ತು ಹೋದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾಲ್ಕೈದು ಮಂದಿಯಾದರೂ ಕಾಣಸಿಗುತ್ತಾರೆ. ಕೆಲವರು ಕಳೆದ ವರ್ಷವೂ ಅಲ್ಲಿಯೇ ಕುಳಿತಿದ್ದರು, ಅದರ ಹಿಂದಿನ ವರ್ಷವೂ ಕುಳಿತಿದ್ದರು. ಓದು ಹೇಗೆ ಸಾಗಿದೆ ಎಂದು ನಾವು ಕೇಳುತ್ತೇವೆ. ಚೆನ್ನಾಗಿ ಸಾಗಿದೆ ಎಂದು ಅವರು ಹೇಳುತ್ತಾರೆ. ಆ ಉತ್ತರ ನಿಜವೇ ಅಲ್ಲವೇ ಎಂಬುದು ನಮಗೆ ತಿಳಿಯುವುದಿಲ್ಲ. ಅನೇಕ ವೇಳೆ ಅದು ಅವರಿಗೂ ತಿಳಿದಿರುವುದಿಲ್ಲ. ಫಲಿತಾಂಶ ಬಂದ ದಿನ ಮಾತ್ರ ತಿಳಿಯುತ್ತದೆ, ಆ ವೇಳೆಗೆ ಒಂದು ವರ್ಷ ಕಳೆದಿರುತ್ತದೆ.

ಇಂದು ನಾನು ಮಾತನಾಡುವುದು ಒಂದು ಚಿಕ್ಕ ವ್ಯವಸ್ಥೆಯ ಕುರಿತು. ಓದುವವರು ಒಬ್ಬ ಜೊತೆಗಾರರನ್ನು ಆರಿಸಿಕೊಂಡು ಪ್ರತಿ ರಾತ್ರಿ ಅವರಿಗೆ ನಾಲ್ಕು ಸಾಲಿನ ಸಂದೇಶವೊಂದನ್ನು ಕಳುಹಿಸುವುದು, ಇಷ್ಟೇ ಅದರ ಸ್ವರೂಪ. ಇದಕ್ಕೆ ಪಂಚಾಯಿತಿಯ ಅನುದಾನ ಬೇಕಿಲ್ಲ. ಆದರೆ ಜೊತೆಗಾರರ ಆಯ್ಕೆ ತಪ್ಪಿದರೆ ಅಥವಾ ಸಂದೇಶದಲ್ಲಿ ಬರೆಯಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಬರೆದರೆ, ಅದೇ ವ್ಯವಸ್ಥೆ ಓದುವವರನ್ನು ಮೋಸಗೊಳಿಸುತ್ತದೆ. ಇದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ.

ಎಂಜಿನಿಯರಿಂಗ್ ಮುಗಿಸಿ ಈ ಹುದ್ದೆಯ ಪರೀಕ್ಷೆಗೆ ಮೊದಲ ಬಾರಿ ಓದುತ್ತಿದ್ದಾಗ ನಾನು ಮತ್ತು ನನ್ನ ಆಪ್ತ ಗೆಳೆಯ ಪ್ರತಿ ರಾತ್ರಿ ಪರಸ್ಪರ ಸಂದೇಶ ಕಳುಹಿಸುತ್ತಿದ್ದೆವು. ನಾನು ‘ಎಂಟು ಗಂಟೆ’ ಎಂದು ಬರೆದರೆ ಅವನು ‘ಒಂಬತ್ತು ಗಂಟೆ’ ಎಂದು ಬರೆಯುತ್ತಿದ್ದನು. ಆ ಎಂಟು ಗಂಟೆಗಳಲ್ಲಿ ಊಟದ ಸಮಯ ಸೇರಿರುತ್ತಿತ್ತು, ಪುಸ್ತಕ ತೆರೆದಿಟ್ಟು ಕಿಟಕಿಯ ಹೊರಗಿನ ಮಳೆ ನೋಡುತ್ತಿದ್ದ ಸಮಯವೂ ಸೇರಿರುತ್ತಿತ್ತು. ಇಬ್ಬರೂ ಸುಳ್ಳು ಹೇಳುತ್ತಿದ್ದೇವೆಂದು ನಮಗೆ ಅನ್ನಿಸಲಿಲ್ಲ. ಇಬ್ಬರೂ ಅನುತ್ತೀರ್ಣರಾದೆವು. ಆ ಬಳಿಕ ನಮ್ಮ ಹಳೆಯ ಸಂದೇಶಗಳನ್ನು ತೆಗೆದು ನೋಡಿದಾಗ, ಯಾವ ವಿಷಯದಲ್ಲಿ ಹಿಂದೆ ಬಿದ್ದಿದ್ದೆವು ಎಂಬುದನ್ನು ತಿಳಿಸುವ ಒಂದು ಸಾಲೂ ಅವುಗಳಲ್ಲಿ ಇರಲಿಲ್ಲ.

ತಪ್ಪು ಎಲ್ಲಿತ್ತೆಂಬುದು ನನಗೆ ಸ್ಪಷ್ಟವಾದದ್ದು ಸೇವೆಗೆ ಸೇರಿದ ಮೇಲೆ, ಉದ್ಯೋಗ ಖಾತರಿ ಕಾಮಗಾರಿಗಳ ಕಡತಗಳನ್ನು ನೋಡುವಾಗ. ಅಲ್ಲಿ ಎರಡು ದಾಖಲೆಗಳಿರುತ್ತವೆಂದು ತಮಗೆಲ್ಲ ತಿಳಿದಿದೆ. ಒಂದು ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ. ಇನ್ನೊಂದು ಎಂ.ಬಿ., ಅಂದರೆ ಅಳತೆ ಪುಸ್ತಕ. ಕೂಲಿಕಾರರು ಕಾಮಗಾರಿ ಸ್ಥಳದಲ್ಲಿದ್ದರು ಎಂಬುದನ್ನು ಹಾಜರಿ ಪಟ್ಟಿ ಹೇಳುತ್ತದೆ. ಕಾಲುವೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ತೋಡಲಾಯಿತು ಎಂಬುದನ್ನು ಅಳತೆ ಪುಸ್ತಕ ಹೇಳುತ್ತದೆ. ಹಾಜರಿ ತುಂಬಿದ್ದೂ ಕಾಲುವೆ ತೋಡದೆ ಇರಬಹುದು. ನಮ್ಮ ಮನೆಗಳಲ್ಲಿಯೂ ಈ ವಿವೇಕ ಹಿಂದಿನಿಂದ ಇದೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಕುಳಿತು ಅಡಿಕೆ ಸುಲಿಯುವವರಿಗೆ ಸುಲಿದ ಅಡಿಕೆಯನ್ನು ಅಳೆದು ಕೂಲಿ ಕೊಡುತ್ತೇವೆಯೇ ಹೊರತು, ಮೆಟ್ಟುಗತ್ತಿಯ ಮುಂದೆ ಕುಳಿತ ಗಂಟೆಗಳನ್ನು ಎಣಿಸುವುದಿಲ್ಲ. ನಾನೂ ನನ್ನ ಗೆಳೆಯನೂ ಬರೆದುಕೊಂಡದ್ದು ಹಾಜರಿ ಪಟ್ಟಿ. ಬರೆಯಬೇಕಾಗಿದ್ದುದು ಅಳತೆ ಪುಸ್ತಕ. ಇಂದಿನ ನನ್ನ ಮಾತಿನ ತಿರುಳು ಇದೊಂದೇ ಆಗಿದೆ.

ಹಾಗಾದರೆ ಓದನ್ನು ಅಳೆಯುವುದು ಹೇಗೆ? ಓದಿದ ಪುಟಗಳ ಸಂಖ್ಯೆಯೂ ಸರಿಯಾದ ಅಳತೆಯಲ್ಲ, ಏಕೆಂದರೆ ಕಣ್ಣು ಪುಟದ ಮೇಲೆ ಹಾಯ್ದ ಮಾತ್ರಕ್ಕೆ ವಿಷಯ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಕೆಲವು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು. ಇನ್ನು ಕೆಲವರಿಗೆ ಓದಿದ ಬಳಿಕ ಅದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಆದುದರಿಂದ ಓದುವವರಿಗೆ ‘ಬಂತು’ ಎಂದು ಆ ಕ್ಷಣದಲ್ಲಿ ಅನ್ನಿಸುವುದನ್ನು ನಂಬುವಂತಿಲ್ಲ. ಪುಸ್ತಕ ಮುಚ್ಚಿ ಎಷ್ಟು ಪ್ರಶ್ನೆಗಳಿಗೆ ಉತ್ತರಿಸಲು ಸಾಧ್ಯವಾಯಿತು ಎಂಬುದೇ ನಂಬತಕ್ಕ ಅಳತೆ.

ಈ ತತ್ತ್ವದ ಮೇಲೆ ರೂಪಿಸಿದ ದಿನದ ಸಂದೇಶದಲ್ಲಿ ನಾಲ್ಕು ಸಾಲುಗಳು ಸಾಕು. ಭಾರತ ಸಂವಿಧಾನದಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ ಭಾಗವನ್ನು ಓದಿದ ದಿನದ ಸಂದೇಶ ಹೀಗಿರುತ್ತದೆ:

ಇಂದು: ಸಂವಿಧಾನ, 243ರಿಂದ 243ಒ ವರೆಗೆ.
ಪುಸ್ತಕ ಮುಚ್ಚಿ: 20 ಪ್ರಶ್ನೆ. ಸರಿ 11, ತಪ್ಪು 6, ಬಿಟ್ಟದ್ದು 3.
ತಪ್ಪಿದ್ದು: 243ಡಿ ಮತ್ತು 243ಇ ಅದಲುಬದಲಾಯಿತು.
ನಾಳೆ: ಕಂಪ್ಯೂಟರ್ ಜ್ಞಾನ, 15 ಪ್ರಶ್ನೆ.

ಎರಡನೆಯ ಸಾಲಿನಲ್ಲಿ ತಪ್ಪು ಮತ್ತು ಬಿಟ್ಟದ್ದು ಎಂದು ಬೇರೆ ಬೇರೆಯಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಅನೇಕ ಪರೀಕ್ಷೆಗಳಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಹನ್ನೊಂದು ಸರಿ, ಆರು ತಪ್ಪು ಎಂದರೆ ಉಳಿಯುವುದು ಒಂಬತ್ತೂವರೆ ಅಂಕ. ಇನ್ನೊಂದು ದಿನ ಹನ್ನೊಂದೇ ಸರಿಯಾಗಿ, ತಪ್ಪು ಎರಡು ಮಾತ್ರ ಇದ್ದರೆ ಹತ್ತೂವರೆ ಅಂಕ ಉಳಿಯುತ್ತದೆ. ಸರಿ ಉತ್ತರಗಳನ್ನಷ್ಟೇ ಬರೆದರೆ ಈ ಎರಡು ದಿನಗಳು ಒಂದೇ ಎಂದು ತೋರುತ್ತವೆ.

ಮೂರನೆಯ ಸಾಲು ಎಲ್ಲಕ್ಕಿಂತ ಮುಖ್ಯವಾದುದು, ಬರೆಯಲು ಎಲ್ಲಕ್ಕಿಂತ ಕಷ್ಟವಾದುದೂ ಹೌದು. ‘ಕೆಲವು ಕಡೆ ಗೊಂದಲವಾಯಿತು’ ಎಂದು ಬರೆದರೆ ಪ್ರಯೋಜನವಿಲ್ಲ. 243ಡಿ ಮೀಸಲಾತಿಗೆ ಸಂಬಂಧಿಸಿದ್ದು, 243ಇ ಪಂಚಾಯಿತಿಯ ಅವಧಿಗೆ ಸಂಬಂಧಿಸಿದ್ದು, ಇವೆರಡು ಅದಲುಬದಲಾದವು ಎಂದು ಹೆಸರು ಹಿಡಿದು ಬರೆಯಬೇಕು. ಹಾಗೆ ಬರೆದ ತಪ್ಪನ್ನು ಮರುದಿನ ತಿದ್ದಿಕೊಳ್ಳಬಹುದು, ಜೊತೆಗಾರರೂ ಅದರ ಮೇಲೆಯೇ ಪ್ರಶ್ನೆ ಕೇಳಬಹುದು.

ಸಂದೇಶ ಪಡೆದವರ ಕರ್ತವ್ಯ ಇಲ್ಲಿಂದ ಆರಂಭವಾಗುತ್ತದೆ. ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಕಳುಹಿಸಿದರೆ ಅದು ಉತ್ತರವಾಗುವುದಿಲ್ಲ. ಅವರು ಒಂದೇ ಒಂದು ಪ್ರಶ್ನೆಯನ್ನು ಮರಳಿ ಕಳುಹಿಸಬೇಕು: ‘ಪಂಚಾಯಿತಿಗಳ ಹಣಕಾಸು ಸ್ಥಿತಿ ಪರಿಶೀಲಿಸುವ ಆಯೋಗ ಯಾವ ವಿಧಿಯಲ್ಲಿದೆ?’ ಓದಿದವರು ಪುಸ್ತಕ ತೆರೆಯದೆ 243ಐ ಎಂದು ಉತ್ತರಿಸಬೇಕು, ಇಲ್ಲವೇ ತಿಳಿಯದು ಎಂದು ಹೇಳಬೇಕು. ಎಂಜಿನಿಯರುಗಳ ಭಾಷೆಯಲ್ಲಿ ಇದು ಚೆಕ್ ಮೆಷರ್‌ಮೆಂಟ್. ಮೇಲಿನ ಅಧಿಕಾರಿ ಇಡೀ ಕಾಲುವೆಯನ್ನು ಮತ್ತೆ ಅಳೆಯುವುದಿಲ್ಲ, ಅಲ್ಲಲ್ಲಿ ಅಳೆದು ನೋಡುತ್ತಾರೆ. ಎಲ್ಲಿ ಅಳೆಯುತ್ತಾರೆಂದು ಮೊದಲೇ ತಿಳಿಯದಿರುವ ಕಾರಣ ಅಳತೆ ಬರೆಯುವವರು ಎಲ್ಲ ಕಡೆಯೂ ಜಾಗ್ರತೆಯಿಂದಿರುತ್ತಾರೆ. ಒಂದು ಪ್ರಶ್ನೆಗೂ ಅಷ್ಟೇ ಬಲವಿದೆ. ಇಷ್ಟೆಲ್ಲ ಸೇರಿ ದಿನಕ್ಕೆ ಐದು ನಿಮಿಷ ಮೀರಬಾರದು. ಅದಕ್ಕಿಂತ ಹೆಚ್ಚಾದರೆ ಅದು ಹರಟೆಯಾಗುತ್ತದೆ ಮತ್ತು ಹೆಚ್ಚು ದಿನ ಉಳಿಯುವುದಿಲ್ಲ.

ಇನ್ನು ಜೊತೆಗಾರರ ಆಯ್ಕೆ. ಮಲೆನಾಡಿನವರಾದ ನಮಗೆ ಮುಯ್ಯಾಳಿನ ಪದ್ಧತಿ ಹೊಸದಲ್ಲ. ಇಂದು ನನ್ನ ಗದ್ದೆಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾನು ಬರಬೇಕು. ಮುಯ್ಯಾಳು ಕರೆಯುವಾಗ ನಾವು ಅತ್ಯಂತ ಪ್ರೀತಿಪಾತ್ರರನ್ನು ಹುಡುಕುವುದಿಲ್ಲ. ನಮ್ಮಷ್ಟೇ ಕೆಲಸವಿರುವ, ನಮ್ಮ ಕೆಲಸ ಬಲ್ಲ, ಹೇಳಿದ ದಿನ ಬರುವ ಮನೆಯವರನ್ನು ಹುಡುಕುತ್ತೇವೆ. ಓದಿನ ಜೊತೆಗಾರರ ಆಯ್ಕೆಗೂ ಈ ಮೂರೇ ಗುಣಗಳು ಬೇಕು.

ಅವರು ಅದೇ ಪರೀಕ್ಷೆಗೆ, ಇಲ್ಲವೇ ಬಹುಪಾಲು ಅದೇ ಪಠ್ಯಕ್ರಮಕ್ಕೆ ಓದುತ್ತಿರಬೇಕು. ಇಲ್ಲವಾದರೆ ಪ್ರಶ್ನೆ ಕೇಳಲು ಅವರಿಂದಾಗದು. ಅವರು ಬಹಳ ಮುಂದಿರುವವರೂ ಆಗಬಾರದು. ಮುಂದಿರುವವರು ಕೆಲವೇ ದಿನಗಳಲ್ಲಿ ಗುರುಗಳಾಗಿ ಬಿಡುತ್ತಾರೆ, ಆಗ ಮುಯ್ಯಿ ಒಂದೇ ಕಡೆಗೆ ಹರಿಯುತ್ತದೆ. ಮತ್ತು ಅವರು ರಾತ್ರಿ ನಿಗದಿತ ಹೊತ್ತಿನಲ್ಲಿ ಐದು ನಿಮಿಷ ಕೊಡಬಲ್ಲವರಾಗಿರಬೇಕು.

ಯಾರನ್ನು ಆರಿಸಬಾರದು ಎಂಬುದೂ ಅಷ್ಟೇ ಮುಖ್ಯ. ಅಣ್ಣ, ತಮ್ಮ, ಗಂಡ, ಹೆಂಡತಿ, ಬಾಲ್ಯದ ಗೆಳೆಯ ಇವರು ಸಾಮಾನ್ಯವಾಗಿ ಸರಿಹೋಗುವುದಿಲ್ಲ. ಮುಖ ನೋಡಿ ಮಣೆ ಹಾಕುವ ಸ್ವಭಾವ ಆಪ್ತರಲ್ಲಿ ಹೆಚ್ಚು, ಅವರಿಗೆ ಪ್ರಶ್ನೆ ಕೇಳಿ ನೋಯಿಸಲು ಮನಸ್ಸು ಬರುವುದಿಲ್ಲ. ಸಾಲದ ವ್ಯವಹಾರ ಇರುವವರು, ಜಮೀನಿನ ತಕರಾರು ಇರುವವರು ಕೂಡದು, ಏಕೆಂದರೆ ಬರೆದ ತಪ್ಪುಗಳು ಮುಂದೆ ಹಂಗಿಸಲು ಸಾಮಗ್ರಿಯಾಗಬಹುದು. ಪ್ರತಿಸ್ಪರ್ಧಿಯಾದರೆ ಹೇಗೆ ಎಂದು ಅನೇಕರು ಕೇಳುತ್ತಾರೆ. ರಾಜ್ಯ ಮಟ್ಟದಲ್ಲಿ ನೂರಾರು ಹುದ್ದೆಗಳಿರುವ ಪರೀಕ್ಷೆಯಲ್ಲಿ ಒಬ್ಬ ಜೊತೆಗಾರರು ಮುಂದೆ ಬಂದ ಮಾತ್ರಕ್ಕೆ ನಮ್ಮ ಅವಕಾಶ ಕಡಿಮೆಯಾಗುವುದಿಲ್ಲ. ಆದರೆ ಒಂದೇ ಊರಿನ ಒಂದೇ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರೆ ಅವರನ್ನು ಜೋಡಿ ಮಾಡಬಾರದು. ಅಲ್ಲಿ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಜೊತೆಗಾರರು ಒಬ್ಬರೇ ಇರಬೇಕು. ಮೂವತ್ತು ಮಂದಿಯ ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಮೊದಲ ವಾರ ಎಲ್ಲರೂ ಬರೆಯುತ್ತಾರೆ, ಎರಡನೆಯ ವಾರ ಶುಭೋದಯದ ಚಿತ್ರಗಳು ಬರುತ್ತವೆ. ಹತ್ತು ಜನರ ನಡುವೆ ಹಾವು ಸಾಯದು ಎಂಬ ಮಾತು ನಮ್ಮಲ್ಲಿ ಉಂಟು. ಯಾರೋ ಕೇಳುತ್ತಾರೆಂದು ಎಲ್ಲರೂ ಸುಮ್ಮನಾದರೆ ಯಾರೂ ಕೇಳುವುದಿಲ್ಲ.

ಇಬ್ಬರು ಒಪ್ಪಿದ ಮೇಲೆ ಮೊದಲ ಏಳು ದಿನಗಳನ್ನು ಪರೀಕ್ಷಾರ್ಥವಾಗಿ ನಡೆಸುವುದು ಒಳ್ಳೆಯದು. ಎಂಟನೆಯ ದಿನ ಇಬ್ಬರಲ್ಲಿ ಯಾರಾದರೂ ಕಾರಣ ಹೇಳದೆಯೇ ಹಿಂದೆ ಸರಿಯಬಹುದೆಂದು ಮೊದಲೇ ಮಾತಾಗಿರಬೇಕು. ಈ ಬಾಗಿಲು ತೆರೆದಿರದಿದ್ದರೆ ಜನ ಸಂಕೋಚದಿಂದ ಮುಂದುವರಿಯುತ್ತಾರೆ ಮತ್ತು ಸಂಕೋಚದಿಂದಲೇ ಸುಳ್ಳು ಬರೆಯುತ್ತಾರೆ.

ಈಗ ನಾನು ಹತ್ತಿರದಿಂದ ಕಂಡ ಒಂದು ಜೋಡಿಯ ವಿಚಾರ ಹೇಳುತ್ತೇನೆ. ಇಬ್ಬರೂ ಮಹಿಳೆಯರು. ಹೆಸರು ಹೇಳುವುದು ಉಚಿತವಲ್ಲ. ಒಬ್ಬರು ಹೊಸನಗರ ತಾಲ್ಲೂಕಿನವರು, ವಯೋಮಿತಿ ಸಮೀಪಿಸಿದ್ದವರು. ಇನ್ನೊಬ್ಬರು ತೀರ್ಥಹಳ್ಳಿ ತಾಲ್ಲೂಕಿನವರು, ಆಗಷ್ಟೇ ಪದವಿ ಮುಗಿಸಿದ್ದವರು. 2024ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ನಡೆಸಿದ ಪರೀಕ್ಷೆಗೆ ಇಬ್ಬರೂ ಓದುತ್ತಿದ್ದರು. ಆ ಪರೀಕ್ಷೆಯಲ್ಲಿ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಕನಿಷ್ಠ 50 ಅಂಕ ಪಡೆಯಬೇಕಿತ್ತು. ಅದರ ಜೊತೆಗೆ ಎರಡು ಸ್ಪರ್ಧಾತ್ಮಕ ಪತ್ರಿಕೆಗಳಿದ್ದವು. ಮೊದಲನೆಯದು ಸಾಮಾನ್ಯ ಜ್ಞಾನ. ಎರಡನೆಯದರಲ್ಲಿ ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್ ಮತ್ತು ಕಂಪ್ಯೂಟರ್ ಜ್ಞಾನ.

ಜೂನ್ ತಿಂಗಳಲ್ಲಿ ಅವರು ಆರಂಭಿಸಿದರು. ಮೊದಲ ತೊಡಕು ಮಳೆಯದು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋದರೆ ಮೊಬೈಲ್ ಗೋಪುರವೂ ಮೌನವಾಗುತ್ತದೆ. ಸಂದೇಶ ಹೋಗದ ದಿನ ಓದೂ ಇಲ್ಲವೆಂಬಂತೆ ಆಗತೊಡಗಿತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳವಾಗಿತ್ತು. ಸಂದೇಶವನ್ನು ಮೊದಲು ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ರಾತ್ರಿ ಒಂಬತ್ತಕ್ಕೆ ಶಾಯಿಯಲ್ಲಿ ಬರೆಯುವುದು, ಸಿಗ್ನಲ್ ಸಿಕ್ಕಾಗ ಅದನ್ನು ಹಾಗೆಯೇ ಕಳುಹಿಸುವುದು. ಇಂಟರ್‌ನೆಟ್ ಇಲ್ಲದೆಡೆ ಸಾಮಾನ್ಯ ಎಸ್‌ಎಂಎಸ್ ಹೋಗುವುದುಂಟು, ಆದ್ದರಿಂದ ವಾಟ್ಸ್‌ಆ್ಯಪನ್ನು ಅವಲಂಬಿಸಲಿಲ್ಲ. ಅಳತೆ ಪುಸ್ತಕದ ನಿಯಮವನ್ನೇ ಇಲ್ಲಿಯೂ ಪಾಲಿಸಿದರು. ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಪುಟ ಹರಿಯುವಂತಿಲ್ಲ.

ಎರಡನೆಯ ತೊಡಕು ಓದದ ದಿನಗಳದ್ದು. ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ದಿನ ಮನೆಯವರೆಲ್ಲ ಕೆಲಸದಲ್ಲಿರುತ್ತಾರೆ. ಅಂಥ ದಿನ ಮೌನವಾಗಿರದೆ ‘ಇಂದು ಸೊನ್ನೆ, ತೋಟಕ್ಕೆ ಔಷಧಿ’ ಎಂದು ಬರೆಯಬೇಕೆಂದು ಒಪ್ಪಿಕೊಂಡರು. ಸೊನ್ನೆ ಬರೆದವರನ್ನು ಇನ್ನೊಬ್ಬರು ಬೈಯುವಂತಿರಲಿಲ್ಲ. ಎರಡು ದಿನ ಏನೂ ಬಾರದಿದ್ದರೆ ಮಾತ್ರ ಮೂರನೆಯ ದಿನ ಕರೆ ಮಾಡಬೇಕಿತ್ತು. ಇದು ಬಹಳ ಮುಖ್ಯವಾದ ಅಂಶ. ಓದು ನಿಲ್ಲುವುದು ಒಂದು ಸೊನ್ನೆಯ ದಿನದಿಂದಲ್ಲ. ಸೊನ್ನೆಯನ್ನು ಹೇಳಲು ನಾಚಿ ಮೌನವಾದವರು ಆ ಮೌನವನ್ನು ಮುರಿಯಲಾಗದೆ ನಿಲ್ಲಿಸಿಬಿಡುತ್ತಾರೆ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಕಿರಿಯರು ಹಿರಿಯರ ಇಪ್ಪತ್ತೊಂದು ದಿನಗಳ ಸಂದೇಶಗಳನ್ನು ಒಟ್ಟಿಗೆ ಓದಿದರು. ವಿಷಯವಾರು ಎಣಿಸಿದಾಗ ಇತಿಹಾಸ ಆರು ದಿನ, ಸಂವಿಧಾನ ಏಳು ದಿನ, ಕರ್ನಾಟಕದ ಭೂಗೋಳ ನಾಲ್ಕು ದಿನ, ಕಂಪ್ಯೂಟರ್ ಒಂದು ದಿನ, ಸೊನ್ನೆ ಮೂರು ದಿನ. ಕಿರಿಯರು ಬರೆದರು: ‘ಅಕ್ಕಾ, ಮೂರು ವಾರದ್ದು ನೋಡ್ದೆ. ಇಂಗ್ಲಿಷ್ ಒಂದು ದಿನವೂ ಇಲ್ಲ ಅಲ್ದಾ?’ ಹಿರಿಯರ ಉತ್ತರ ಮರುದಿನ ಬಂತು: ‘ಹೌದು ಮಾರಾಯ್ತಿ. ಅದನ್ನ ತೆಗೆದ್ರೆ ಹೆದರಿಕೆ ಆಗ್ತದೆ.’

ಸದಸ್ಯರೇ, ಆ ಹಿರಿಯರು ಒಂದು ದಿನವೂ ಸುಳ್ಳು ಬರೆದಿರಲಿಲ್ಲ. ಪ್ರತಿ ಸಂದೇಶವೂ ನಿಜವೇ ಆಗಿತ್ತು. ಆದರೂ ಇಪ್ಪತ್ತೊಂದು ದಿನಗಳ ಓದು ಪ್ರಾಮಾಣಿಕವಾಗಿರಲಿಲ್ಲ, ಏಕೆಂದರೆ ಬಾರದ ವಿಷಯವನ್ನು ಬಿಟ್ಟು ಬರುವ ವಿಷಯವನ್ನೇ ಓದುತ್ತಿದ್ದರು. ನಾನು ಕಂಡಂತೆ ನಮ್ಮ ಮಕ್ಕಳ ವರ್ಷಗಳು ಹಾಳಾಗುವುದು ಸೋಮಾರಿತನದಿಂದಲ್ಲ, ಈ ರೀತಿಯ ತಪ್ಪಿಸಿಕೊಳ್ಳುವಿಕೆಯಿಂದ. ಇದು ದಿನದ ಸಂದೇಶದಲ್ಲಿ ಕಾಣುವುದಿಲ್ಲ, ವಾರಕ್ಕೊಮ್ಮೆ ಒಟ್ಟಿಗೆ ಓದಿದಾಗ ಕಾಣುತ್ತದೆ. ಆದುದರಿಂದ ಭಾನುವಾರ ಹದಿನೈದು ನಿಮಿಷ ಪಠ್ಯಕ್ರಮದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಜೊತೆಗಾರರ ವಾರದ ಸಂದೇಶಗಳನ್ನು ಎಣಿಸುವುದು ಈ ವ್ಯವಸ್ಥೆಯ ಅವಿಭಾಜ್ಯ ಭಾಗ.

ಹಿರಿಯರು ಮರುದಿನದಿಂದ ಪ್ರತಿದಿನ ಮೊದಲು ಇಂಗ್ಲಿಷಿನ ಐದು ಪ್ರಶ್ನೆಗಳನ್ನು ಮಾಡಿ, ಆ ಬಳಿಕವೇ ಇತರ ವಿಷಯ ತೆಗೆಯತೊಡಗಿದರು. ವಾರಕ್ಕೊಮ್ಮೆ ಇಪ್ಪತ್ತು ಪ್ರಶ್ನೆಗಳ ಪರೀಕ್ಷೆ ಮಾಡಿಕೊಂಡರು. ಮೊದಲ ಬಾರಿ ಆರು ಸರಿಯಿದ್ದದ್ದು ಅಕ್ಟೋಬರ್ ವೇಳೆಗೆ ಹದಿಮೂರಾಯಿತು.

ಇಬ್ಬರಿಗೂ ಹುದ್ದೆ ದೊರೆಯಿತೇ ಎಂದು ತಾವು ಕೇಳುವಿರಿ. ದೊರೆಯಲಿಲ್ಲ. ಆದರೆ ಎಲ್ಲಿ ಎಷ್ಟು ಕೊರತೆಯಿತ್ತು ಎಂಬುದು ಇಬ್ಬರಿಗೂ ನೋಟ್‌ಪುಸ್ತಕದಿಂದ ತಿಳಿದಿತ್ತು. ಕಿರಿಯರು ಆ ಕೊರತೆಯನ್ನು ತುಂಬಿಕೊಳ್ಳುವ ಯೋಜನೆಯೊಂದಿಗೆ ಮುಂದಿನ ಪರೀಕ್ಷೆಗೆ ಓದುತ್ತಿದ್ದಾರೆ. ಹಿರಿಯರು ತಮ್ಮ ಲೆಕ್ಕವನ್ನು ತಾವೇ ನೋಡಿ, ಉಳಿದಿರುವ ಅವಧಿಯಲ್ಲಿ ಆ ಅಂತರವನ್ನು ದಾಟಲಾಗದೆಂದು ತೀರ್ಮಾನಿಸಿ, ಸಹಕಾರ ಸಂಘವೊಂದರಲ್ಲಿ ಕೆಲಸಕ್ಕೆ ಸೇರಿದರು. ಇದನ್ನು ನಾನು ಸೋಲೆಂದು ಹೇಳಲಾರೆ. ‘ಇನ್ನೊಂದು ವರ್ಷ ನೋಡುವಾ’ ಎನ್ನುತ್ತ ವಯೋಮಿತಿ ಮೀರುವವರೆಗೆ ಕಾಯುವುದಕ್ಕಿಂತ, ನಿಲ್ಲಬೇಕಾದ ಸ್ಥಳವನ್ನು ಸ್ವತಃ ಕಂಡುಕೊಂಡು ನಿಲ್ಲುವುದು ಮೇಲು. ಅಳತೆ ಪುಸ್ತಕವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ.

ಈ ವ್ಯವಸ್ಥೆ ಕೆಡುತ್ತಿರುವುದನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ಮೂರನೆಯ ಸಾಲು ಸತತ ಕೆಲವು ದಿನ ಖಾಲಿಯಿದ್ದರೆ ಅವರು ಸುಲಭದ ಪ್ರಶ್ನೆಗಳನ್ನೇ ಆರಿಸುತ್ತಿದ್ದಾರೆ, ಇಲ್ಲವೇ ಪುಸ್ತಕ ಮುಚ್ಚುತ್ತಿಲ್ಲ ಎಂದು ತಿಳಿಯಬೇಕು. ಎರಡನೆಯ ಸಾಲು ಮರೆಯಾಗಿ ಗಂಟೆಗಳ ಲೆಕ್ಕ ಮರಳಿ ಬಂದರೆ ಅಳತೆ ಪುಸ್ತಕ ಮತ್ತೆ ಹಾಜರಿ ಪಟ್ಟಿಯಾಗಿದೆ ಎಂದರ್ಥ. ‘ನಾಳೆ’ ಎಂಬ ಸಾಲು ದಿನದಿಂದ ದಿನಕ್ಕೆ ಉಬ್ಬುತ್ತ ಹೋಗುವುದು ಇನ್ನೊಂದು ಲಕ್ಷಣ. ಇಂದು ಹದಿನೈದು ಮಾಡದವರು ನಾಳೆ ಮೂವತ್ತು ಎಂದು, ನಾಡಿದ್ದು ಐವತ್ತು ಎಂದು ಬರೆಯುತ್ತಾರೆ. ಸಾಲ ತೀರಿಸಲು ಸಾಲ ಮಾಡಿದಂತೆ ಅದು ಎಂದಿಗೂ ತೀರುವುದಿಲ್ಲ. ಇದಕ್ಕೊಂದು ಸರಳ ಲೆಕ್ಕವಿದೆ. ಕಳೆದ ಏಳು ದಿನಗಳಲ್ಲಿ 20, 20, 0, 15, 20, 10, 20 ಪ್ರಶ್ನೆಗಳನ್ನು ಮಾಡಿದ್ದರೆ ಒಟ್ಟು 105, ದಿನಕ್ಕೆ 15. ಮುಂದಿನ ವಾರದ ‘ನಾಳೆ’ ಸಾಲಿನಲ್ಲಿ 15 ಎಂದೇ ಬರೆಯಬೇಕು. ಉಳಿದು ಹೋದುದನ್ನು ಮರುದಿನದ ಮೇಲೆ ಹೊರಿಸಬಾರದು.

ಕೊನೆಯದಾಗಿ, ಸದಸ್ಯರಾಗಿ ತಾವು ಮಾಡಬಹುದಾದುದೇನು ಮತ್ತು ಮಾಡಬಾರದುದೇನು ಎಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮಾಡಬಾರದುದನ್ನು ಮೊದಲು ಹೇಳುವೆ. ‘ನಮ್ಮೂರಿನ ಹುಡುಗಿ ಅಧಿಕಾರಿಯಾಗಲು ಓದುತ್ತಿದ್ದಾಳೆ’ ಎಂದು ಗ್ರಾಮ ಸಭೆಯಲ್ಲಿ ಘೋಷಿಸಿ ಚಪ್ಪಾಳೆ ತಟ್ಟಿಸಬಾರದು. ಇದು ಪ್ರೋತ್ಸಾಹವೆಂದು ನಮಗೆ ತೋರುತ್ತದೆ. ಆದರೆ ಪೀಟರ್ ಗೊಲ್ವಿಟ್ಜರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನಾಗಬೇಕೆಂಬ ತಮ್ಮ ಸಂಕಲ್ಪವನ್ನು ಬೇರೆಯವರು ಗಮನಿಸಿದಾಗ ಜನರು ಆ ದಿಕ್ಕಿನಲ್ಲಿ ಮಾಡುವ ಪ್ರಯತ್ನ ಕಡಿಮೆಯಾದದ್ದು ಕಂಡುಬಂದಿತು. ಆದಂತೆಯೇ ಅನ್ನಿಸಿಬಿಡುತ್ತದೆ ಎಂಬುದು ಅವರು ನೀಡಿದ ಕಾರಣ. ಇನ್ನೊಂದು ಕಡೆ, ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 138 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪ್ರಗತಿಯನ್ನು ಗಮನಿಸುತ್ತಿರುವುದು ಗುರಿ ಮುಟ್ಟಲು ನೆರವಾಗುತ್ತದೆ, ಅದನ್ನು ಬರೆದಿಟ್ಟಾಗ ಮತ್ತು ಇತರರಿಗೆ ತಿಳಿಸಿದಾಗ ಆ ನೆರವು ಹೆಚ್ಚುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಅರ್ಥ ಸ್ಪಷ್ಟವಾಗಿದೆ. ಏನಾಗುತ್ತೇನೆ ಎಂಬುದನ್ನು ಊರಿಗೆ ಹೇಳಬೇಕಾಗಿಲ್ಲ. ಇಂದು ಏನು ಮಾಡಿದೆ ಎಂಬುದನ್ನು ಒಬ್ಬರಿಗೆ ಹೇಳಬೇಕು.

ಅದೇ ಕಾರಣಕ್ಕೆ ಈ ನೋಟ್‌ಪುಸ್ತಕಗಳನ್ನು ಪಂಚಾಯಿತಿಯು ತರಿಸಿ ನೋಡಬಾರದು, ಅಂಕಿ ಅಂಶ ಸಂಗ್ರಹಿಸಬಾರದು. ಮೇಲಿನವರು ನೋಡುತ್ತಾರೆಂದು ತಿಳಿದ ದಿನವೇ ಮೂರನೆಯ ಸಾಲಿನಲ್ಲಿ ನಿಜ ಬರೆಯುವುದು ನಿಂತುಹೋಗುತ್ತದೆ. ಹೆಣ್ಣುಮಕ್ಕಳ ಮೊಬೈಲ್ ಸಂಖ್ಯೆಯನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದು.

ಮಾಡಬಹುದಾದುದು ಮೂರು. ಒಂದು, ಅರಿವು ಕೇಂದ್ರದ ಮೇಲ್ವಿಚಾರಕರ ಮೂಲಕ ಯಾರು ಯಾವ ಪರೀಕ್ಷೆಗೆ ಓದುತ್ತಿದ್ದಾರೆಂದು ಕೇಳಿ ತಿಳಿದು, ಅವರ ಒಪ್ಪಿಗೆ ಪಡೆದು ಪರಸ್ಪರ ಪರಿಚಯಿಸುವುದು. ತಮ್ಮ ಊರಿನಲ್ಲಿ ಹೊಂದುವ ಜೋಡಿ ಸಿಗದಿದ್ದರೆ ನೆರೆಯ ಪಂಚಾಯಿತಿಯಲ್ಲಿ ಸಿಗಬಹುದು. ಎರಡು, ಸ್ವಂತ ಮೊಬೈಲ್ ಇಲ್ಲದವರಿಗಾಗಿ ಕೇಂದ್ರದಲ್ಲಿಯೇ ನೋಟ್‌ಪುಸ್ತಕ ಬದಲಾಯಿಸಿಕೊಳ್ಳಲು ಅನುಕೂಲ ಮಾಡಿಕೊಡುವುದು. ಇಂದು ಬರೆದಿಟ್ಟ ಪುಸ್ತಕದಲ್ಲಿ ನಾಳೆ ಜೊತೆಗಾರರು ಪ್ರಶ್ನೆ ಬರೆದಿಡುತ್ತಾರೆ, ಅಷ್ಟೇ ಸಾಕು. ಮೂರು, ಓದುತ್ತಿರುವವರು ಎದುರಾದಾಗ ‘ಎಷ್ಟು ಗಂಟೆ ಓದುತ್ತೀ’ ಎಂದಾಗಲಿ ‘ಫಲಿತಾಂಶ ಯಾವಾಗ’ ಎಂದಾಗಲಿ ಕೇಳುವ ಬದಲು, ‘ಈ ವಾರ ಯಾವುದು ತಪ್ಪಿತು’ ಎಂದು ಕೇಳುವುದು. ಆ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬಂದರೆ ಓದು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು. ಏನೂ ತಪ್ಪಿಲ್ಲ ಎಂದು ಉತ್ತರ ಬಂದರೆ ಅವರಿಗೊಬ್ಬ ಜೊತೆಗಾರರನ್ನು ಹುಡುಕಿಕೊಡುವ ಕೆಲಸ ತಮ್ಮದು.